ಸರ್ಪಸುತ್ತು: ಗುಳ್ಳೆ ಏಳುವ ಮೊದಲಿನ ಉರಿ

ಸರ್ಪಸುತ್ತು ವರಿಸೆಲ್ಲ-ಜೋಸ್ಟರ್ ಎಂಬ ವೈರಸ್ಸಿನಿಂದ ನರಕ್ಕೂ ಚರ್ಮಕ್ಕೂ ಬರುವ ಕಾಯಿಲೆ. ವೈದ್ಯರು ಇದನ್ನು ಹರ್ಪಿಸ್ ಜೋಸ್ಟರ್ ಎನ್ನುತ್ತಾರೆ. ಮೈಯ ಒಂದೇ ಪಕ್ಕದಲ್ಲಿ ಪಟ್ಟಿಯಂತೆ ಗುಂಪುಗುಂಪಾಗಿ ಏಳುವ ನೀರುಗುಳ್ಳೆಗಳನ್ನು ಕಂಡರೆ ಹಳ್ಳಿಯ ಹಿರಿಯರೂ ಇದು ಇಂಥದ್ದೇ ಎಂದು ಹೇಳಿಬಿಡುತ್ತಾರೆ. ಆದರೆ ಗುಳ್ಳೆ ಕಾಣುವ ಹೊತ್ತಿಗೆ ಕಾಯಿಲೆ ಶುರುವಾಗಿ ಆಗಲೇ ಕೆಲವು ದಿನಗಳಾಗಿರುತ್ತವೆ. ಸುಮಾರು ನಾಲ್ವರು ರೋಗಿಗಳಲ್ಲಿ ಮೂವರಿಗೆ, ಗುಳ್ಳೆಗೆ ಒಂದರಿಂದ ಐದು ದಿನ ಮೊದಲೇ, ಅದೇ ಜಾಗದಲ್ಲಿ ಉರಿಯೋ ಚುಚ್ಚುವಿಕೆಯೋ ತುರಿಕೆಯೋ ಕಾಣಿಸಿಕೊಂಡಿರುತ್ತದೆ. ಆಗ ಚರ್ಮ ನೋಡಲು ಎಂದಿನಂತೆಯೇ ಇರುತ್ತದೆ. ಹಾಗಾಗಿ ಆ ನೋವನ್ನು ಉಳುಕು, ವಾಯು, ಗ್ಯಾಸ್, ಹೃದಯದ ತೊಂದರೆ, ಕಿಡ್ನಿ ಕಲ್ಲು ಎಂದು ಬೇರೆ ಬೇರೆ ಹೆಸರಿಟ್ಟು ಕರೆಯುವುದೇ ಹೆಚ್ಚು. ಈ ಲೇಖನ ಮುಖ್ಯವಾಗಿ ಎದೆ, ಬೆನ್ನು, ಹೊಟ್ಟೆಯ ಸುತ್ತ ಬರುವ ಆ ಮುನ್ನೋವಿನ ಬಗ್ಗೆ. ಅದಕ್ಕೊಂದು ಆಕಾರವಿದೆ. ಕೈಯಿಂದ ಮುಟ್ಟಿ ಆ ಆಕಾರವನ್ನು ಕಂಡುಕೊಳ್ಳಬಹುದು.

ನೋವು ಪಟ್ಟಿಯಂತೆ ಬರುವುದು ಏಕೆ

ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು, ಅಂದರೆ ಚಿಕನ್‌ಪಾಕ್ಸ್, ಬಂದು ವಾಸಿಯಾದಾಗ ಅದರ ವೈರಸ್ಸು ದೇಹವನ್ನು ಬಿಟ್ಟುಹೋಗುವುದಿಲ್ಲ. ಬೆನ್ನುಹುರಿಯ ಇಕ್ಕೆಲಗಳಲ್ಲಿ, ಪ್ರತಿ ಸಂವೇದನಾ ನರದ ಬುಡದಲ್ಲಿ, ನರಕೋಶಗಳು ಕೂಡಿದ ಒಂದೊಂದು ಸಣ್ಣ ಗಂಟು ಇರುತ್ತದೆ. ವೈರಸ್ಸು ಆ ನರಗಂಟುಗಳಲ್ಲಿ ಸೇರಿಕೊಂಡು ಹತ್ತಾರು ವರ್ಷ ಸದ್ದಿಲ್ಲದೆ ಉಳಿಯುತ್ತದೆ. ರಕ್ತದಲ್ಲಿರುವ ಒಂದು ಬಗೆಯ ಬಿಳಿ ರಕ್ತಕಣಗಳು, ಟಿ-ಕೋಶಗಳು, ಅದನ್ನು ಹತೋಟಿಯಲ್ಲಿ ಇಟ್ಟಿರುತ್ತವೆ. ವಯಸ್ಸಾದಂತೆ, ಅಥವಾ ಬೇರೆ ಕಾಯಿಲೆಯಿಂದಲೋ ಔಷಧಿಯಿಂದಲೋ ಈ ಕಾವಲು ಸಡಿಲವಾದಾಗ, ಯಾವುದಾದರೂ ಒಂದು ಗಂಟಿನಲ್ಲಿ ವೈರಸ್ಸು ಮತ್ತೆ ಬೆಳೆಯತೊಡಗುತ್ತದೆ.

ಮುನ್ನೋವು ಹುಟ್ಟುವುದು ಇಲ್ಲಿಯೇ. ಬೆಳೆಯುವ ವೈರಸ್ಸು ಮೊದಲು ಆ ಗಂಟಿನ ನರಕೋಶಗಳನ್ನೇ ಹಾಳುಮಾಡುತ್ತದೆ. ಗಂಟು ಊದಿಕೊಳ್ಳುತ್ತದೆ, ಒಳಗೆ ರಕ್ತಸ್ರಾವವೂ ಆಗುವುದುಂಟು. ಆಮೇಲೆ ವೈರಸ್ಸು ನರದ ಎಳೆಗಳಗುಂಟ ಚರ್ಮದ ಕಡೆಗೆ ಸಾಗಬೇಕು, ಅಲ್ಲಿ ಮುಟ್ಟಿ ಚರ್ಮದ ಕೋಶಗಳಲ್ಲಿ ಬೆಳೆಯಬೇಕು, ಆಗ ಮಾತ್ರ ಗುಳ್ಳೆ. ನರ ಪೆಟ್ಟು ತಿಂದ ದಿನಕ್ಕೂ ಚರ್ಮ ಕೆಂಪಾಗುವ ದಿನಕ್ಕೂ ನಡುವೆ ಇರುವ ಅಂತರವೇ ಮುನ್ನೋವಿನ ಅವಧಿ. ಪೆಟ್ಟು ಬುಡದಲ್ಲಿದ್ದರೂ ಮೆದುಳು ಅದನ್ನು ಆ ನರ ಹರಡಿರುವ ಚರ್ಮದ ನೋವು ಎಂದೇ ಓದಿಕೊಳ್ಳುತ್ತದೆ. ಆದ್ದರಿಂದ ರೋಗಿಗೆ ಚರ್ಮವೇ ಸುಟ್ಟಂತೆ ಅನ್ನಿಸುತ್ತದೆ, ಕಣ್ಣಿಗೆ ಮಾತ್ರ ಏನೂ ಕಾಣುವುದಿಲ್ಲ.

ಬೆನ್ನುಹುರಿಯಿಂದ ಹೊರಡುವ ಒಂದೊಂದು ನರ ಚರ್ಮದ ಒಂದೊಂದು ಪಟ್ಟಿಯನ್ನು ನೋಡಿಕೊಳ್ಳುತ್ತದೆ. ಈ ಪಟ್ಟಿಗೆ ಡರ್ಮಟೋಮ್ ಎಂದು ಹೆಸರು. ಮೈಯ ಮೇಲೆ ಈ ಪಟ್ಟಿಗಳ ನಕ್ಷೆ ಬಿಡಿಸಿಕೊಡಲು ನೆರವಾದದ್ದು ಇದೇ ಕಾಯಿಲೆ. ಇಂಗ್ಲೆಂಡಿನ ಹೆನ್ರಿ ಹೆಡ್ ಮತ್ತು ಕ್ಯಾಂಬೆಲ್ 1900ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸರ್ಪಸುತ್ತು ಆಗಿದ್ದು ಮುಂದೆ ತೀರಿಕೊಂಡ 21 ಜನರ ಶವಪರೀಕ್ಷೆಯನ್ನು ವಿವರಿಸಿದ್ದಾರೆ. ಗುಳ್ಳೆ ಎದ್ದ ಪಟ್ಟಿಗೂ ಹಾನಿಗೊಂಡ ನರಗಂಟಿಗೂ ತಾಳೆ ಹಾಕಿ ಅವರು ಚರ್ಮದ ನಕ್ಷೆಯನ್ನು ರಚಿಸಿದರು. ಆ ನಕ್ಷೆಯ ಕೆಲವು ಗುರುತುಗಳು ಸಾಮಾನ್ಯ ಓದುಗರಿಗೂ ಉಪಯುಕ್ತ. ಎದೆಭಾಗದ ನಾಲ್ಕನೆಯ ನರದ ಪಟ್ಟಿ ಮೊಲೆತೊಟ್ಟಿನ ಮಟ್ಟದಲ್ಲಿ ಹಾಯುತ್ತದೆ, ಆರನೆಯದು ಎದೆಮೂಳೆಯ ಕೆಳತುದಿಯ ಮಟ್ಟದಲ್ಲಿ, ಹತ್ತನೆಯದು ಹೊಕ್ಕುಳಿನ ಮಟ್ಟದಲ್ಲಿ. ಪಟ್ಟಿ ಹಿಂದಿನಿಂದ ಮುಂದಕ್ಕೆ ಅಡ್ಡಲಾಗಿ ನೇರ ಬರುವುದಿಲ್ಲ. ಬೆನ್ನುಮೂಳೆಯ ಬಳಿ ಮೇಲಿದ್ದು, ಪಕ್ಕೆಯನ್ನು ಬಳಸಿ ಮುಂದೆ ಬರುತ್ತಾ ಕೆಳಕ್ಕೆ ಇಳಿಯುತ್ತದೆ, ಹೆಗಲಿನಿಂದ ಇಳಿದ ಜನಿವಾರದ ಓರೆಯಷ್ಟು ಅಲ್ಲದಿದ್ದರೂ ಓರೆಯಾಗಿಯೇ. ಮುಂದೆ ಎದೆಯ ಅಥವಾ ಹೊಟ್ಟೆಯ ನಡುಗೆರೆಯಲ್ಲಿ, ಹಿಂದೆ ಬೆನ್ನುಮೂಳೆಯಲ್ಲಿ ಅದು ನಿಂತುಬಿಡುತ್ತದೆ. ಎಡಗಡೆಯ ನರಕ್ಕೆ ಬಲಗಡೆಯ ಚರ್ಮದ ಮೇಲೆ ಅಧಿಕಾರವಿಲ್ಲ.

ಹಾವಿನ ತಲೆಬಾಲ ಸೇರಿದರೆ, ಅಂದರೆ ಸುತ್ತು ಪೂರ್ತಿಯಾದರೆ, ರೋಗಿ ಉಳಿಯುವುದಿಲ್ಲ ಎಂಬ ಭಯ ನಮ್ಮ ಊರುಗಳಲ್ಲಿ ಬಹಳ ಹಳೆಯದು. ಈ ಭಯದಿಂದಲೇ ಎಷ್ಟೋ ಕಡೆ ಸುತ್ತಿನ ಎರಡು ತುದಿಗೂ ಕೆಮ್ಮಣ್ಣು ಬಳಿದು, ಮಂತ್ರ ಹಾಕಿಸುತ್ತಾರೆ. ಸುತ್ತು ನಡುಗೆರೆಯಲ್ಲಿ ನಿಲ್ಲುವುದು ನರಗಳ ಜೋಡಣೆಯಿಂದ. ಮಣ್ಣು ಬಳಿಯದವರಲ್ಲೂ ಅದು ಅಲ್ಲಿಯೇ ನಿಲ್ಲುತ್ತದೆ. ಎರಡೂ ಪಕ್ಕಕ್ಕೆ ಅಥವಾ ಮೈತುಂಬ ಹರಡುವುದು ಅಪರೂಪ. ಹಾಗೇನಾದರೂ ಆದರೆ ರೋಗನಿರೋಧಕ ಶಕ್ತಿ ಬಹಳ ಕುಗ್ಗಿದೆ ಎಂದು ವೈದ್ಯರು ಎಚ್ಚರಗೊಳ್ಳುತ್ತಾರೆ, ಆಸ್ಪತ್ರೆಗೆ ಸೇರಿಸಿಕೊಳ್ಳುತ್ತಾರೆ. ಮಂತ್ರ ಹಾಕಿಸಿದವರನ್ನು ಹಂಗಿಸಿ ಪ್ರಯೋಜನವಿಲ್ಲ. ಅವರನ್ನು ಅದೇ ದಿನ ಡಾಕ್ಟರ ಬಳಿಗೂ ಕರೆದೊಯ್ಯುವುದು ಮುಖ್ಯ. ಈ ಕಾಯಿಲೆಯಲ್ಲಿ ಒಂದೆರಡು ದಿನವೂ ಲೆಕ್ಕಕ್ಕೆ ಬರುತ್ತದೆ.

ಮುಂಡದ ಭಾಗದಲ್ಲಿಯೇ ಇದು ಹೆಚ್ಚು ಕಾಣಿಸಿಕೊಳ್ಳುವುದಕ್ಕೂ ಒಂದು ವಿವರಣೆಯುಂಟು. ಸೀತಾಳೆ ಸಿಡುಬಿನ ಗುಳ್ಳೆಗಳು ಕೈಕಾಲಿಗಿಂತ ಮುಂಡ ಮತ್ತು ಮುಖದ ಮೇಲೆ ದಟ್ಟವಾಗಿ ಏಳುತ್ತವೆ. ಆ ಜಾಗದ ನರಗಳ ಮೂಲಕ ಗಂಟುಗಳಿಗೆ ಹಿಂದಿರುಗಿದ ವೈರಸ್ಸೂ ಹೆಚ್ಚು. ಇಂಗ್ಲೆಂಡಿನ ಸೈರೆನ್‌ಸೆಸ್ಟರ್ ಊರಿನ ಸಾಮಾನ್ಯ ವೈದ್ಯ ಎಡ್ಗರ್ ಹೋಪ್-ಸಿಂಪ್ಸನ್ ತನ್ನ ಚಿಕಿತ್ಸಾಲಯಕ್ಕೆ ಬಂದ ರೋಗಿಗಳನ್ನು 16 ವರ್ಷ ಲೆಕ್ಕವಿಟ್ಟು ನೋಡಿ, ಸರ್ಪಸುತ್ತು ಹೊರಗಿನಿಂದ ಅಂಟಿಕೊಳ್ಳುವ ಹೊಸ ಸೋಂಕಲ್ಲ, ಒಳಗೆ ಮಲಗಿದ್ದ ಹಳೆಯ ಸೋಂಕು ಎಚ್ಚೆತ್ತದ್ದು ಎಂಬ ವಾದವನ್ನು 1965ರಲ್ಲಿ ಮಂಡಿಸಿದರು. ಇಂದಿನ ತಿಳಿವಳಿಕೆ ನಿಂತಿರುವುದು ಆ ವಾದದ ಮೇಲೆಯೇ. ದೊಡ್ಡ ಪ್ರಯೋಗಾಲಯದ ನೆರವಿಲ್ಲದೆ, ಒಂದೇ ಊರಿನ ಜನರನ್ನು ತಾಳ್ಮೆಯಿಂದ ಗಮನಿಸಿ ಒಬ್ಬ ವೈದ್ಯ ಇಂಥದ್ದನ್ನು ಕಂಡುಕೊಂಡದ್ದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಉರಿಯ ಸ್ವಭಾವ

ರೋಗಿಗಳು ಈ ನೋವನ್ನು ಹೇಳುವ ಮಾತುಗಳು ಹೆಚ್ಚುಕಡಿಮೆ ಒಂದೇ ಬಗೆಯವು. "ಮೆಣಸಿನಕಾಯಿ ಹಚ್ಚಿದ ಹಾಗೆ ಉರೀತದೆ", "ಕರೆಂಟ್ ಹೊಡೆದ ಹಾಗೆ ಆಗಾಗ ಚಳುಕು ಬರ್ತದೆ", "ಸೂಜಿ ಚುಚ್ಚಿದ ಹಾಗಾಗ್ತದೆ", "ಒಳಗೆ ಜುಮುಜುಮು, ಮೇಲೆ ಕೆರೆತ". ಕೆಲವರಿಗೆ ನೋವಿಗಿಂತ ತುರಿಕೆಯೇ ಮುಂದಾಗಿ ಬರುತ್ತದೆ. ಜೊತೆಗೆ ಸ್ವಲ್ಪ ಮೈಬಿಸಿ, ತಲೆನೋವು, ಸುಸ್ತು ಇರಬಹುದು, ಇಲ್ಲದೆಯೂ ಇರಬಹುದು. ಮಕ್ಕಳಲ್ಲಿ ಮತ್ತು ಎಳೆಯರಲ್ಲಿ ಮುನ್ನೋವು ಎಷ್ಟೋ ಸಲ ಇರುವುದೇ ಇಲ್ಲ. ಐವತ್ತು ದಾಟಿದವರಲ್ಲಿ ಅದು ಜೋರು.

ಈ ಎಲ್ಲ ಮಾತುಗಳಿಗಿಂತ ಹೆಚ್ಚು ತಿಳಿಸುವುದು ಒಂದು ಗುಣ. ಗಟ್ಟಿಯಾಗಿ ಒತ್ತಿದಾಗ ಆಗುವ ನೋವಿಗಿಂತ ಹಗುರವಾಗಿ ಸವರಿದಾಗ ಆಗುವ ನೋವು ಹೆಚ್ಚು. ಅಂಗಿ ತಾಗಿದರೆ ಸಹಿಸಲಾಗದು, ಫ್ಯಾನಿನ ಗಾಳಿಯೂ ಕಿರಿಕಿರಿ, ಸ್ನಾನದಲ್ಲಿ ನೀರು ಬಿದ್ದರೆ ಬೆಚ್ಚಿಬೀಳುವಂತಾಗುತ್ತದೆ. ಆದರೆ ಅದೇ ಜಾಗದ ಮೇಲೆ ಅಂಗೈಯನ್ನು ಗಟ್ಟಿಯಾಗಿ ಒತ್ತಿ ಹಿಡಿದರೆ ಕೆಲವರಿಗೆ ಹಾಯೆನಿಸುತ್ತದೆ. ಸ್ನಾಯು ಉಳುಕಿದ್ದರೆ ಇದಕ್ಕೆ ತಿರುಗುಮುರುಗು: ಸವರಿದರೆ ಏನಿಲ್ಲ, ಒತ್ತಿದರೆ, ತಿರುಗಿದರೆ, ಬಗ್ಗಿದರೆ ನೋವು. ಉಸಿರು ಎಳೆದಾಗ ಚುಚ್ಚಿದರೆ ಶ್ವಾಸಕೋಶದ ಹೊದಿಕೆಯ ಉರಿಯೂತವನ್ನು ಯೋಚಿಸಬೇಕು. ನಡೆದಾಗ, ಮೆಟ್ಟಿಲು ಹತ್ತಿದಾಗ ಏರಿ, ನಿಂತಾಗ ಇಳಿದರೆ ಹೃದಯವನ್ನು. ಸರ್ಪಸುತ್ತಿನ ಉರಿಗೆ ಉಸಿರೂ ಒಂದೇ, ನಡಿಗೆಯೂ ಒಂದೇ. ರಾತ್ರಿ ಮಲಗಿದಾಗ ಮಾತ್ರ ಹೆಚ್ಚಾದಂತೆ ಅನ್ನಿಸುತ್ತದೆ.

ಪರೀಕ್ಷಿಸುವ ವಿಧಾನ ಸರಳ. ಹತ್ತಿಯ ಎಳೆಯನ್ನೋ ಸೀರೆಯ ಅಂಚನ್ನೋ ತೆಗೆದುಕೊಂಡು, ನೋವಿಲ್ಲದ ಜಾಗದಿಂದ ಶುರುಮಾಡಿ, ಪಕ್ಕೆಲುಬುಗಳಿಗೆ ಅಡ್ಡಲಾಗಿ ಮೇಲಿನಿಂದ ಕೆಳಕ್ಕೆ ಮೆಲ್ಲಗೆ ಎಳೆಯಬೇಕು. ರೋಗಿ ಕಣ್ಣು ಮುಚ್ಚಿಕೊಂಡು, ಎಲ್ಲಿ ಉರಿ ಶುರುವಾಯಿತು, ಎಲ್ಲಿ ನಿಂತಿತು ಎಂದು ಹೇಳಬೇಕು. ಎರಡೂ ಜಾಗದಲ್ಲಿ ಪೆನ್ನಿನಿಂದ ಚುಕ್ಕೆ ಇಡಬೇಕು. ಬೆನ್ನಿನಲ್ಲಿ, ಪಕ್ಕೆಯಲ್ಲಿ, ಮುಂದೆ, ಹೀಗೆ ಮೂರು ಕಡೆ ಮಾಡಿ ಚುಕ್ಕೆಗಳನ್ನು ಸೇರಿಸಿದರೆ ಮೂರು ನಾಲ್ಕು ಬೆರಳಗಲದ ಓರೆ ಪಟ್ಟಿಯೊಂದು ಮೂಡಬಹುದು. ಇನ್ನೊಂದು ಪಕ್ಕದಲ್ಲಿಯೂ ಹೀಗೆಯೇ ಎಳೆದು ಹೋಲಿಸಬೇಕು. ಪಟ್ಟಿ ಒಂದೇ ಪಕ್ಕದಲ್ಲಿದ್ದು, ಬೆನ್ನುಮೂಳೆ ಮತ್ತು ನಡುಗೆರೆಯನ್ನು ದಾಟದಿದ್ದರೆ ಅನುಮಾನ ಬಲವಾಗುತ್ತದೆ. ಕೆಲವರಲ್ಲಿ ಪಟ್ಟಿಯ ಒಂದು ಭಾಗ ಉರಿದು, ನಡುವಿನ ಭಾಗ ಮರಗಟ್ಟಿದಂತೆ ಇರುತ್ತದೆ. ಅದೂ ನರದ ಹಾನಿಯ ಗುರುತೇ. ಪಟ್ಟಿ ಪೂರ್ತಿ ಮೂಡದೆ, ಬೆನ್ನಿನಲ್ಲಿ ಒಂದು ತುಂಡು, ಪಕ್ಕೆಯಲ್ಲಿ ಒಂದು ತುಂಡು ಎಂಬಂತೆಯೂ ಸಿಗಬಹುದು. ನರದ ಕವಲುಗಳು ಚರ್ಮಕ್ಕೆ ಬರುವುದು ಆ ಜಾಗಗಳಲ್ಲಿಯೇ. ಮುಂದೆ ಮೊದಲ ಕೆಂಪು ಮಚ್ಚೆಗಳೂ ಅನೇಕ ಸಲ ಅಲ್ಲಿಯೇ ಏಳುತ್ತವೆ.

ಈ ಪರೀಕ್ಷೆಗೆ ಮಿತಿಯಿದೆ. ಬೆನ್ನುಮೂಳೆಯ ಡಿಸ್ಕ್ ಸರಿದು ನರವನ್ನು ಒತ್ತಿದರೂ, ಮಧುಮೇಹದಿಂದ ಮುಂಡದ ನರ ಕೆಟ್ಟರೂ, ಬೆನ್ನುಮೂಳೆಯಲ್ಲಿ ಕ್ಷಯವೋ ಗೆಡ್ಡೆಯೋ ಇದ್ದರೂ ಇಂಥದೇ ಪಟ್ಟಿನೋವು ಬರಬಹುದು. ಹತ್ತಿಯ ಎಳೆ ಹೇಳುವುದು ನೋವು ನರದ್ದು ಎಂಬಷ್ಟನ್ನು. ಅದು ವೈರಸ್ಸಿನದೇ ಎಂದು ಹೇಳುವುದು ಮುಂದಿನ ಕೆಲವು ದಿನಗಳು. ಗುಳ್ಳೆ ಏಳುವ ಮೊದಲು ಸರ್ಪಸುತ್ತನ್ನು ಖಚಿತಪಡಿಸುವ, ಎಲ್ಲ ಕಡೆ ಬಳಕೆಯಲ್ಲಿರುವ ರಕ್ತಪರೀಕ್ಷೆ ಇಲ್ಲ.

ಮೊದಲು ತಳ್ಳಿಹಾಕಬೇಕಾದವು

ಎಡ ಎದೆಯಲ್ಲಿ ನೋವು ಬಂದ ಐವತ್ತು ದಾಟಿದವರು ಅದನ್ನು ಸರ್ಪಸುತ್ತು ಎಂದು ತಾವೇ ತೀರ್ಮಾನಿಸಿ ಮನೆಯಲ್ಲಿ ಕೂರಬಾರದು. ಎದೆ ಹಿಂಡಿದಂತಾಗುವುದು, ಬೆವರು, ಉಸಿರುಕಟ್ಟುವುದು, ದವಡೆಗೋ ಎಡಗೈಗೋ ನೋವು ಹಬ್ಬುವುದು, ಇವುಗಳಲ್ಲಿ ಯಾವುದಿದ್ದರೂ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಹೋಗಬೇಕು. ಮಧುಮೇಹಿಗಳಲ್ಲಿ ಹೃದಯಾಘಾತದ ನೋವು ಹೀಗೆ ಸ್ಪಷ್ಟವಾಗಿ ಇರುವುದೂ ಇಲ್ಲ, ಹಾಗಾಗಿ ಅವರಿಗೆ ಇಸಿಜಿ ಮಾಡಿಸಿಯೇ ಮುಂದಿನ ಮಾತು. ಇಸಿಜಿ ಸರಿಯಿದೆ ಎಂದು ಬಂದ ಮೇಲೂ ಉರಿ ಉಳಿದಿದ್ದರೆ, ಆಗ ಚರ್ಮವನ್ನು ಸವರಿ ನೋಡುವ ಕೆಲಸ.

ಬಲಗಡೆ ಪಕ್ಕೆಲುಬಿನ ಕೆಳಗೆ ಬಂದರೆ ಪಿತ್ತಕೋಶದ ಕಲ್ಲು, ಹೊಕ್ಕುಳಿನ ಬಲಕ್ಕೆ ಬಂದರೆ ಅಪೆಂಡಿಸೈಟಿಸ್, ಸೊಂಟದಿಂದ ತೊಡೆಸಂದಿಗೆ ಇಳಿದರೆ ಕಿಡ್ನಿ ಕಲ್ಲು ನೆನಪಾಗುತ್ತವೆ. ಹೊಟ್ಟೆಯ ಒಳಗಿನ ಅಂಗದ ನೋವಾದರೆ ವಾಂತಿ, ಜ್ವರ, ಮೂತ್ರದಲ್ಲಿ ರಕ್ತ, ಊಟಕ್ಕೂ ನೋವಿಗೂ ನಂಟು ಇಂಥ ಬೇರೆ ಸುಳಿವುಗಳು ಇರುತ್ತವೆ. ಕಿಡ್ನಿ ಕಲ್ಲಿನವರು ನೋವು ಏರಿದಾಗ ಒಂದು ಕಡೆ ಕೂರಲಾರದೆ ಹೊರಳಾಡುತ್ತಾರೆ. ಸರ್ಪಸುತ್ತಿನವರು ಅಂಗಿಯನ್ನು ಮೈಯಿಂದ ದೂರ ಎತ್ತಿ ಹಿಡಿದುಕೊಂಡು ಸುಮ್ಮನೆ ಕೂತಿರುತ್ತಾರೆ. ಸ್ಕ್ಯಾನಿಂಗಿನಲ್ಲಿ ಪಿತ್ತಕೋಶದಲ್ಲಿ ಒಂದು ಕಲ್ಲು ಕಂಡಿತು ಎಂದ ಮಾತ್ರಕ್ಕೆ ನೋವು ಅದರದೇ ಆಗಿರಬೇಕಿಲ್ಲ. ಯಾವ ತೊಂದರೆಯನ್ನೂ ಕೊಡದೆ ಕಲ್ಲನ್ನು ಹೊತ್ತು ಬದುಕುವವರು ಬಹಳ ಜನ. ನೋವಿನ ಗುಣ ಕಲ್ಲಿಗೆ ಹೊಂದದಿದ್ದರೆ ಚರ್ಮವನ್ನು ಒಮ್ಮೆ ಮುಟ್ಟಿ ನೋಡಬೇಕು.

ಎಲ್ಲಕ್ಕಿಂತ ಹೆಚ್ಚು ದಿನ ಕಳೆದುಹೋಗುವುದು ಉಳುಕು ಎಂದುಕೊಂಡಾಗ. ಬೆನ್ನು ಹಿಡಿದುಕೊಂಡಿದೆ ಎಂದು ಮುಲಾಮು ತಿಕ್ಕುತ್ತಾರೆ, ಬಿಸಿನೀರಿನ ಚೀಲ ಇಡುತ್ತಾರೆ. ಮೂರನೆಯ ದಿನ ಅಲ್ಲಿ ಕೆಂಪಾದರೆ, ಮುಲಾಮು ಆಗಿಬರಲಿಲ್ಲ ಅಥವಾ ಶಾಖ ಹೆಚ್ಚಾಯಿತು ಎನ್ನುತ್ತಾರೆ. ಗುಳ್ಳೆ ಎದ್ದರೆ ಸುಟ್ಟ ಗುಳ್ಳೆ ಎನ್ನುತ್ತಾರೆ. ಮುಲಾಮಿನ ಅಲರ್ಜಿಯಾದರೆ ತಿಕ್ಕಿದ ಜಾಗವೆಲ್ಲ ಒಂದೇ ಸಮನೆ ಕೆಂಪಾಗುತ್ತದೆ, ನಡುಗೆರೆಯನ್ನು ಲೆಕ್ಕಿಸುವುದಿಲ್ಲ. ಸರ್ಪಸುತ್ತಿನ ಕೆಂಪು ಬಿಡಿಬಿಡಿ ತೇಪೆಗಳಾಗಿ ಬರುತ್ತದೆ, ಒಂದೊಂದು ತೇಪೆಯ ಮೇಲೆ ಸಾಸಿವೆ ಗಾತ್ರದ ಗುಳ್ಳೆಗಳ ಗೊಂಚಲು. ಮಳೆಗಾಲದಲ್ಲಿ ಇನ್ನೊಂದು ಗೊಂದಲವುಂಟು. ದೀಪದ ಬೆಳಕಿಗೆ ಬರುವ, ಕಿತ್ತಳೆ ಮತ್ತು ಕಪ್ಪು ಪಟ್ಟೆಯ ಪಿಡೇರಸ್ ಎಂಬ ಸಣ್ಣ ಹುಳುವನ್ನು ಮೈಮೇಲೆ ಜಜ್ಜಿದರೆ ಅದರ ರಸ ತಾಗಿದ ಜಾಗ ಗೆರೆಯಂತೆ ಕೆಂಪೆದ್ದು ಉರಿಯುತ್ತದೆ. ಅದನ್ನು ಸರ್ಪಸುತ್ತೆಂದು, ಸರ್ಪಸುತ್ತನ್ನು ಹುಳು ಮುಟ್ಟಿದ್ದೆಂದು ತಿಳಿಯುವುದು ಸಾಮಾನ್ಯ. ಹುಳುವಿನ ಉರಿ ಮತ್ತು ಕೆಂಪು ಹೆಚ್ಚುಕಡಿಮೆ ಜೊತೆಯಾಗಿ ಬರುತ್ತವೆ, ಅದಕ್ಕೆ ಎರಡು ಮೂರು ದಿನದ ಮುನ್ನೋವಿಲ್ಲ.

ದಿನದಿಂದ ದಿನಕ್ಕೆ: ಒಂದು ಪ್ರಸಂಗ

ಇದುವರೆಗೆ ಹೇಳಿದ್ದು ನಿಜ ಜೀವನದಲ್ಲಿ ಹೇಗೆ ಕೂಡಿಬರುತ್ತದೆ ಎಂದು ತೋರಿಸಲು ಒಂದು ಮಾದರಿ ಪ್ರಸಂಗವನ್ನು ಕಟ್ಟಿಕೊಳ್ಳೋಣ. ದಾವಣಗೆರೆ ಕಡೆಯ 63 ವರ್ಷದ ಹೆಂಗಸು, ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ, ಮಾತ್ರೆಯಲ್ಲಿ ಹತೋಟಿ. ಸೋಮವಾರ ರಾತ್ರಿ ಎಡಗಡೆ ರೆಕ್ಕೆಮೂಳೆಯ ಕೆಳಗೆ ಚುಚ್ಚಿದಂತಾಯಿತು. ಬೆಳಿಗ್ಗೆ ನೀರಿನ ಕೊಡ ಎತ್ತಿದ್ದು ನೆನಪಾಗಿ ಉಳುಕು ಎಂದುಕೊಂಡರು, ನೋವಿನ ಎಣ್ಣೆ ತಿಕ್ಕಿಸಿಕೊಂಡರು. ಮಂಗಳವಾರ ನೋವು ಪಕ್ಕೆಯನ್ನು ಬಳಸಿ ಎಡ ಎದೆಯ ಕೆಳಗೆ ಬಂತು. ರವಿಕೆಯ ಅಂಚು ತಾಗಿದಲ್ಲೆಲ್ಲ ಉರಿ. ಮಗ ಹೆದರಿ ಆಸ್ಪತ್ರೆಗೆ ಕರೆದೊಯ್ದ. ಇಸಿಜಿ ಸರಿಯಿತ್ತು. ಕೆಲವು ಗಂಟೆಗಳ ಅಂತರದಲ್ಲಿ ಎರಡು ಸಲ ಮಾಡಿದ ಟ್ರೋಪೊನಿನ್ ಪರೀಕ್ಷೆಯೂ ಸರಿಯಿತ್ತು. ಗ್ಯಾಸ್ಟ್ರಿಕ್ ಮಾತ್ರೆ ಬರೆದುಕೊಟ್ಟು ಕಳಿಸಿದರು. ಇಲ್ಲಿಯವರೆಗೆ ನಡೆದದ್ದರಲ್ಲಿ ಹೃದಯವನ್ನು ಪರೀಕ್ಷಿಸಿದ್ದು ಸರಿಯಾದ ಕ್ರಮವೇ. ಗ್ಯಾಸ್ ಎಂದು ಅಲ್ಲಿಗೇ ನಿಲ್ಲಿಸಿದ್ದು ಮಾತ್ರ ಕಡಿಮೆಯಾಯಿತು.

ಬುಧವಾರ ಅವರು ಊರಿನ ಡಾಕ್ಟರ ಬಳಿಗೆ ಹೋದರು. ಡಾಕ್ಟರು ಹತ್ತಿಯ ಎಳೆಯಿಂದ ಸವರಿ ನೋಡಿದಾಗ ಬೆನ್ನುಮೂಳೆಯಿಂದ ಎಡ ಎದೆಯ ಕೆಳಭಾಗದವರೆಗೆ, ಎದೆಭಾಗದ ಐದು ಆರನೆಯ ನರಗಳ ಪಟ್ಟಿಯಲ್ಲಿ, ಉರಿ ಸ್ಪಷ್ಟವಾಗಿ ಸಿಕ್ಕಿತು. ಬಲಗಡೆ ಏನೂ ಇಲ್ಲ. ಪಕ್ಕೆಲುಬನ್ನು ಒತ್ತಿದರೆ ಹೆಚ್ಚು ನೋವಿಲ್ಲ. ಚಿಕ್ಕವಯಸ್ಸಿನಲ್ಲಿ ಅಮ್ಮ ಆಗಿತ್ತೇ ಎಂದು ಕೇಳಿದಾಗ, ಹೌದು, ಹತ್ತು ವರ್ಷದವಳಿದ್ದಾಗ ಆಗಿತ್ತು ಎಂದರು. ಡಾಕ್ಟರು ವೈರಸ್ ಮಾತ್ರೆಯನ್ನು ಅಂದೇ ಶುರುಮಾಡಲಿಲ್ಲ. ನೋವಿಗೆ ಮಾತ್ರೆ ಕೊಟ್ಟು, ಕಿಡ್ನಿಯ ಕೆಲಸ ತಿಳಿಯಲು ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿದರು. ಎಣ್ಣೆ ತಿಕ್ಕುವುದನ್ನು ನಿಲ್ಲಿಸಲು ಹೇಳಿದರು. ಬೆಳಿಗ್ಗೆ ಸಂಜೆ ಬೆನ್ನು, ಪಕ್ಕೆ, ಎದೆಯ ಕೆಳಗನ್ನು ಬೆಳಕಿನಲ್ಲಿ ಯಾರಾದರೂ ನೋಡಬೇಕು, ಒಂದು ಸಣ್ಣ ಕೆಂಪು ಕಂಡರೂ ಅದೇ ದಿನ ಬರಬೇಕು ಎಂದರು.

ಗುರುವಾರ ಸಂಜೆ ಸೊಸೆ ನೋಡಿ, "ಅತ್ತೆ, ಬೆನ್ನುಮೂಳೆ ಪಕ್ಕ ಎರಡು ಬೆರಳಗಲ ಕೆಂಪಾಗಿದೆ ನೋಡ್ರಿ" ಎಂದು ಮೊಬೈಲಿನಲ್ಲಿ ಫೋಟೋ ತೆಗೆದು ತೋರಿಸಿದಳು. ಅವರಿಗೆ ತಾವಾಗಿ ಅದು ಕಾಣುವ ಜಾಗವೇ ಅಲ್ಲ. ಶುಕ್ರವಾರ ಬೆಳಗಾಗುವಷ್ಟರಲ್ಲಿ ಆ ಕೆಂಪಿನ ಮೇಲೆ ತಿಳಿನೀರಿನ ಗುಳ್ಳೆಗಳಿದ್ದವು, ಪಕ್ಕೆಯಲ್ಲಿ ಎರಡನೆಯ ತೇಪೆ ಶುರುವಾಗಿತ್ತು. ಬೆಳಿಗ್ಗೆ ಹತ್ತಕ್ಕೆ ಮಾತ್ರೆ ಶುರುವಾಯಿತು. ನೋವು ಬಂದು ನಾಲ್ಕನೆಯ ದಿನ, ಆದರೆ ಕೆಂಪು ಕಂಡು ಹದಿನಾರು ಗಂಟೆ. ಲೆಕ್ಕಕ್ಕೆ ಬರುವುದು ಈ ಎರಡನೆಯದು.

ಮಾತ್ರೆಯ ಗಡಿಯಾರ

ವೈರಸ್ಸನ್ನು ತಡೆಯುವ ಮಾತ್ರೆಗಳನ್ನು ಚರ್ಮದ ಮೇಲೆ ಗುರುತು ಕಂಡ 72 ಗಂಟೆಯೊಳಗೆ ಶುರುಮಾಡಬೇಕು ಎಂಬುದು ಎಲ್ಲ ಕಡೆ ಪಾಲಿಸುವ ನಿಯಮ. ಔಷಧಿಗಳನ್ನು ಪರೀಕ್ಷಿಸಿದ ಮುಖ್ಯ ಅಧ್ಯಯನಗಳಲ್ಲಿ ಆ ಅವಧಿಯೊಳಗಿನ ರೋಗಿಗಳನ್ನು ಸೇರಿಸಿಕೊಂಡಿದ್ದರಿಂದ ಆ ಸಂಖ್ಯೆ ನಿಂತಿತು. ನೋವು ಬಂದು ಐದು ದಿನವಾಯಿತು, ಇನ್ನು ಮಾತ್ರೆಯಿಂದ ಏನು ಪ್ರಯೋಜನ ಎಂದು ಕೈಬಿಡುವುದು ತಪ್ಪು. ಗಡಿಯಾರ ಶುರುವಾಗುವುದು ನೋವಿನಿಂದಲ್ಲ, ಮೊದಲ ಕೆಂಪಿನಿಂದ. 72 ಗಂಟೆ ದಾಟಿದ ಮೇಲೂ ಹೊಸ ಗುಳ್ಳೆ ಏಳುತ್ತಲೇ ಇದ್ದರೆ, ಕಣ್ಣಿಗೆ ಸಂಬಂಧಿಸಿದ್ದರೆ, ಅಥವಾ ರೋಗನಿರೋಧಕ ಶಕ್ತಿ ಕುಗ್ಗಿದವರಾದರೆ ವೈದ್ಯರು ಮಾತ್ರೆ ಕೊಡುತ್ತಾರೆ.

ಕಿಡ್ನಿ ಸರಿಯಿರುವ ವಯಸ್ಕರಿಗೆ ವಾಡಿಕೆಯ ಪ್ರಮಾಣ ಹೀಗಿದೆ. ಅಸೈಕ್ಲೋವಿರ್ ಆದರೆ 800 ಮಿ.ಗ್ರಾಂ. ಮಾತ್ರೆ ದಿನಕ್ಕೆ ಐದು ಸಲ, 7ರಿಂದ 10 ದಿನ. ವ್ಯಾಲಸೈಕ್ಲೋವಿರ್ ಆದರೆ 1000 ಮಿ.ಗ್ರಾಂ. ದಿನಕ್ಕೆ ಮೂರು ಸಲ, 7 ದಿನ. ದಿನಕ್ಕೆ ಐದು ಸಲ ಎಂಬುದನ್ನು ಪಾಲಿಸುವುದು ವಯಸ್ಸಾದವರಿಗೆ ಕಷ್ಟ, ಅದಕ್ಕಾಗಿ ಅನೇಕ ವೈದ್ಯರು ಎರಡನೆಯದನ್ನು ಬರೆಯುತ್ತಾರೆ. ಎರಡೂ ಕಿಡ್ನಿಯ ಮೂಲಕ ಹೊರಹೋಗುವುದರಿಂದ, ಕಿಡ್ನಿ ದುರ್ಬಲವಿದ್ದರೆ ಪ್ರಮಾಣ ಇಳಿಸಬೇಕು. ಇಳಿಸದೆ ಕೊಟ್ಟರೆ ಗೊಂದಲ, ಬಡಬಡಿಕೆ, ಮಂಪರು ಬರಬಹುದು. ನಮ್ಮ ಪ್ರಸಂಗದ ಡಾಕ್ಟರು ಬುಧವಾರವೇ ಕ್ರಿಯಾಟಿನಿನ್ ಮಾಡಿಸಿಟ್ಟದ್ದು ಇದಕ್ಕೆ. ಕೆಂಪು ಕಂಡ ದಿನ ರಕ್ತಪರೀಕ್ಷೆಯ ವರದಿಗೆ ಕಾಯಬೇಕಾಗಿ ಬರಲಿಲ್ಲ.

ಅನುಮಾನ ಇಷ್ಟು ಬಲವಾಗಿದ್ದರೆ ಗುಳ್ಳೆಗೆ ಮೊದಲೇ ಮಾತ್ರೆ ಕೊಡಬಾರದೇ ಎಂಬ ಪ್ರಶ್ನೆ ಸಹಜ. ಪಟ್ಟಿನೋವಿನ ಕಾರಣ ಬೇರೆಯೂ ಇರಬಹುದು, ನೋವೊಂದನ್ನೇ ನೋಡಿ ಮಾತ್ರೆ ಕೊಟ್ಟರೆ ಬೇರೆ ಕಾಯಿಲೆ ಮರೆಯಲ್ಲಿ ಉಳಿಯಬಹುದು. ಹಾಗಾಗಿ ಸಾಮಾನ್ಯ ಆರೋಗ್ಯದವರಲ್ಲಿ ಕಾದು ನೋಡುವುದೇ ಕ್ರಮ. ಅಂಗಕಸಿ ಮಾಡಿಸಿಕೊಂಡವರು, ಕ್ಯಾನ್ಸರಿಗೆ ಕೀಮೋಥೆರಪಿ ಪಡೆಯುತ್ತಿರುವವರು ಇಂಥ ನೋವು ಬಂದ ದಿನವೇ ತಮ್ಮ ತಜ್ಞರಿಗೆ ತಿಳಿಸಬೇಕು. ಅವರ ವಿಷಯದಲ್ಲಿ ತೀರ್ಮಾನ ಬೇರೆಯಾಗಬಹುದು.

ಮಾತ್ರೆ ಹೊಸ ಗುಳ್ಳೆ ಏಳುವುದನ್ನು ಬೇಗ ನಿಲ್ಲಿಸುತ್ತದೆ, ಹಕ್ಕಳೆ ಕಟ್ಟುವುದನ್ನು ತ್ವರೆಗೊಳಿಸುತ್ತದೆ, ಆರಂಭದ ನೋವಿನ ಅವಧಿಯನ್ನು ಮೊಟಕುಗೊಳಿಸುತ್ತದೆ. ಗುಳ್ಳೆ ವಾಸಿಯಾಗಿ ಮೂರು ತಿಂಗಳ ಮೇಲೂ ಉಳಿಯುವ ನರನೋವನ್ನು ಅದು ಖಂಡಿತವಾಗಿ ತಡೆಯುತ್ತದೆ ಎಂದು ಹೇಳಲು ಬರುವುದಿಲ್ಲ. ಆ ದೀರ್ಘ ನೋವಿನ ಅಪಾಯ ವಯಸ್ಸಿನೊಂದಿಗೆ ಏರುತ್ತದೆ. ಮುನ್ನೋವು ಜೋರಾಗಿದ್ದವರಲ್ಲಿಯೂ, ಗುಳ್ಳೆ ದಟ್ಟವಾಗಿ ಎದ್ದವರಲ್ಲಿಯೂ ಅದು ಹೆಚ್ಚು. ಆದ್ದರಿಂದ ಮುನ್ನೋವಿನ ತೀವ್ರತೆಯನ್ನು ವೈದ್ಯರಿಗೆ ಬಿಡಿಸಿ ಹೇಳಬೇಕು. ನಿದ್ದೆ ಕೆಡಿಸುವ ನೋವಿಗೆ ಸಾಮಾನ್ಯ ನೋವಿನ ಮಾತ್ರೆ ಸಾಲದಿದ್ದರೆ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್, ಅಮಿಟ್ರಿಪ್ಟಿಲಿನ್ ಇಂಥ ನರನೋವಿನ ಔಷಧಿಗಳಿವೆ. ಇವು ತಲೆಸುತ್ತು ತರುತ್ತವೆ. ವಯಸ್ಸಾದವರು ರಾತ್ರಿ ಬಚ್ಚಲಿಗೆ ಹೋಗುವಾಗ ಬೀಳದಂತೆ ಮನೆಯವರು ಗಮನಿಸಬೇಕು.

ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದ ಅಸೈಕ್ಲೋವಿರ್ ಮುಲಾಮಿನಿಂದ ಈ ಕಾಯಿಲೆಗೆ ಉಪಯೋಗವಿಲ್ಲ. ಕೆಲಸ ನಡೆಯುತ್ತಿರುವುದು ಚರ್ಮದ ಕೆಳಗೆ ಬಹಳ ಆಳದಲ್ಲಿ. ಮುಲಾಮು ಹಚ್ಚಿಕೊಂಡು ಎರಡು ದಿನ ನೋಡೋಣ ಎಂದವರ 72 ಗಂಟೆಗಳಲ್ಲಿ 48 ಅಲ್ಲಿಗೇ ಮುಗಿಯುತ್ತವೆ. ಸ್ಟೀರಾಯ್ಡ್ ಬೆರೆಸಿದ ಮುಲಾಮುಗಳನ್ನೂ, ಗುಳ್ಳೆಯ ಮೇಲೆ ಸಗಣಿ, ಸೊಪ್ಪಿನ ರಸ ಹಚ್ಚುವುದನ್ನೂ ಬಿಡಬೇಕು. ಗುಳ್ಳೆ ಒಡೆದ ಹಸಿ ಚರ್ಮದಲ್ಲಿ ಕೀವು ಸೇರಿಕೊಳ್ಳುತ್ತದೆ. ಸೋಪು ನೀರಿನಲ್ಲಿ ತೊಳೆದು, ಒತ್ತಿ ಒರೆಸಿ, ಅಂಟದ ಬಟ್ಟೆಯಿಂದ ಮುಚ್ಚಿದರೆ ಸಾಕು. ಗುಳ್ಳೆ 7ರಿಂದ 10 ದಿನದಲ್ಲಿ ಹಕ್ಕಳೆ ಕಟ್ಟುತ್ತದೆ, ಎರಡರಿಂದ ನಾಲ್ಕು ವಾರದಲ್ಲಿ ಚರ್ಮ ವಾಸಿಯಾಗುತ್ತದೆ.

ಬರೀ ನೋವಿದ್ದಾಗ ರೋಗಿಯಿಂದ ಯಾರಿಗೂ ಏನೂ ಅಂಟುವುದಿಲ್ಲ. ಗುಳ್ಳೆಯ ನೀರಿನಲ್ಲಿ ವೈರಸ್ಸು ಇರುತ್ತದೆ. ಸೀತಾಳೆ ಸಿಡುಬು ಬಾರದ, ಅದರ ಲಸಿಕೆಯನ್ನೂ ಪಡೆಯದ ಒಬ್ಬರು ಅದನ್ನು ಮುಟ್ಟಿದರೆ ಅವರಿಗೆ ಸೀತಾಳೆ ಸಿಡುಬು ಬರಬಹುದು, ಸರ್ಪಸುತ್ತಲ್ಲ. ಎಲ್ಲ ಗುಳ್ಳೆಯೂ ಹಕ್ಕಳೆ ಕಟ್ಟುವವರೆಗೆ ಬಸುರಿಯರು, ಹಸುಗೂಸುಗಳು, ರೋಗನಿರೋಧಕ ಶಕ್ತಿ ಕುಗ್ಗಿದವರಿಂದ ದೂರವಿರಬೇಕು. ಮನೆಯಲ್ಲಿ ಬಾಣಂತಿ ಇದ್ದರೆ ಈ ಮಾತು ಮುಖ್ಯ.

ಗುಳ್ಳೆ ಬಾರದೇ ಹೋದರೆ

ಹೆಚ್ಚಿನವರಲ್ಲಿ ಒಂದು ವಾರದೊಳಗೆ ವಿಷಯ ಬಯಲಾಗುತ್ತದೆ. ಅಪರೂಪಕ್ಕೆ ನೋವು ವಾರಗಟ್ಟಲೆ, ಕೆಲವು ವರದಿಗಳಲ್ಲಿ ಮೂರು ತಿಂಗಳಿಗೂ ಮೇಲೆ, ಮುಂದುವರಿದು ಆಮೇಲೆ ಗುಳ್ಳೆ ಎದ್ದದ್ದುಂಟು. ಇನ್ನೂ ಅಪರೂಪವಾಗಿ ಗುಳ್ಳೆ ಏಳದೆಯೇ ಪಟ್ಟಿನೋವಷ್ಟೇ ಬರುತ್ತದೆ. ಅಂಥದ್ದನ್ನು ಖಚಿತಪಡಿಸಲು ಬೆನ್ನುಹುರಿಯ ದ್ರವದಲ್ಲಿ ವೈರಸ್ಸಿನ ಗುರುತನ್ನೋ ಅದರ ವಿರುದ್ಧದ ಪ್ರತಿಕಾಯಗಳನ್ನೋ ಹುಡುಕಬೇಕಾಗುತ್ತದೆ. ಅದು ತಜ್ಞರ ಕೆಲಸ. ಎರಡು ವಾರ ಕಳೆದರೂ ಚರ್ಮ ತಿಳಿಯಾಗಿದ್ದು ನೋವು ಹಾಗೆಯೇ ಇದ್ದರೆ, ಸರ್ಪಸುತ್ತು ಎಂಬ ಊಹೆಗೆ ಅಂಟಿಕೊಳ್ಳದೆ ಬೆನ್ನುಮೂಳೆಯ ಎಂಆರ್‌ಐ ಸ್ಕ್ಯಾನ್ ಬೇಕೇ ಎಂದು ವೈದ್ಯರನ್ನು ಕೇಳುವುದು ನ್ಯಾಯ. ಕಾಲಿನಲ್ಲಿ ಬಲ ಕುಗ್ಗಿದರೆ, ಮೂತ್ರ ಕಟ್ಟಿದರೆ ಎರಡು ವಾರ ಕಾಯುವ ಮಾತೇ ಇಲ್ಲ, ಅಂದೇ ಆಸ್ಪತ್ರೆಗೆ ಹೋಗಬೇಕು. ಹೊಟ್ಟೆಯ ಒಂದು ಪಕ್ಕ ಮಾತ್ರ ಉಬ್ಬಿ ಹರ್ನಿಯಾದಂತೆ ಕಂಡರೆ, ಅದು ಚಲನೆಯ ನರಕ್ಕೂ ಪೆಟ್ಟಾಗಿ ಹೊಟ್ಟೆಯ ಸ್ನಾಯು ಸಡಿಲಗೊಂಡದ್ದು ಇರಬಹುದು. ಅದು ಹೆಚ್ಚಿನವರಲ್ಲಿ ತಿಂಗಳುಗಳಲ್ಲಿ ತಾನಾಗಿ ಸರಿಹೋಗುತ್ತದೆ, ಆಪರೇಷನ್ನಿಗೆ ಅವಸರ ಮಾಡಬಾರದು.

ನಲವತ್ತರೊಳಗಿನವರಲ್ಲಿ ಸರ್ಪಸುತ್ತು ಬಂದರೆ ಎಚ್‌ಐವಿ ಪರೀಕ್ಷೆಗೆ ವೈದ್ಯರು ಸಲಹೆ ಕೊಡುವುದುಂಟು. ಅದರಲ್ಲಿ ಅವಮಾನದ ಮಾತಿಲ್ಲ. ಪೂರ್ತಿ ಆರೋಗ್ಯವಂತ ಯುವಕರಿಗೂ ಈ ಕಾಯಿಲೆ ಬರುತ್ತದೆ. ಆದರೆ ಎಚ್‌ಐವಿ ಇದ್ದೂ ಗೊತ್ತಿಲ್ಲದವರಲ್ಲಿ ಮೊದಲ ಸೂಚನೆ ಇದೇ ಆಗಿರಬಹುದು, ಬೇಗ ತಿಳಿದರೆ ಚಿಕಿತ್ಸೆಯಿದೆ.

ಐವತ್ತು ದಾಟಿದವರಿಗೆ ತಡೆ ಲಸಿಕೆ ಇದೆ. ವೈರಸ್ಸಿನ ಒಂದು ಪ್ರೋಟೀನಿನಿಂದ ಮಾಡಿದ, ಜೀವಂತ ವೈರಸ್ಸಿಲ್ಲದ ಈ ಲಸಿಕೆಗೆ ಅಮೆರಿಕದಲ್ಲಿ 2017ರಲ್ಲಿ ಒಪ್ಪಿಗೆ ಸಿಕ್ಕಿತು, ಭಾರತದ ಮಾರುಕಟ್ಟೆಗೆ 2023ರಲ್ಲಿ ಬಂತು. ಎರಡರಿಂದ ಆರು ತಿಂಗಳ ಅಂತರದಲ್ಲಿ ತೋಳಿಗೆ ಎರಡು ಚುಚ್ಚುಮದ್ದು. ದೊಡ್ಡ ಪರೀಕ್ಷೆಗಳಲ್ಲಿ ಐವತ್ತು ದಾಟಿದವರಲ್ಲಿ ಅದು ಶೇ. 90ಕ್ಕೂ ಹೆಚ್ಚು ರಕ್ಷಣೆ ಕೊಟ್ಟಿದೆ. ಬೆಲೆ ಮಾತ್ರ ಬಹಳ ಕುಟುಂಬಗಳಿಗೆ ಭಾರವೆನಿಸುವಷ್ಟಿದೆ, ಇದು ನೋವಿನ ಸಂಗತಿ. ಚುಚ್ಚಿಸಿಕೊಂಡ ಮೇಲೆ ಒಂದೆರಡು ದಿನ ತೋಳುನೋವು, ಮೈಕೈನೋವು, ಜ್ವರ ಬರುವುದು ಸಾಮಾನ್ಯ. ಒಮ್ಮೆ ಸರ್ಪಸುತ್ತು ಬಂದವರಿಗೆ ಮತ್ತೆ ಬರುವುದಿಲ್ಲವೆಂದೇನೂ ಇಲ್ಲದ ಕಾರಣ ಅವರೂ ಲಸಿಕೆ ಪಡೆಯಬಹುದು, ಆದರೆ ಗುಳ್ಳೆಗಳು ಪೂರ್ತಿ ಒಣಗಿ ವಾಸಿಯಾದ ಮೇಲೆ. ಉರಿ ಶುರುವಾದ ಮೇಲೆ ಓಡಿಹೋಗಿ ಚುಚ್ಚಿಸಿಕೊಂಡರೆ ಆ ಸಲದ ಕಾಯಿಲೆಗೆ ಅದರಿಂದ ಏನೂ ಆಗದು. ಅದು ಮುಂದಿನದನ್ನು ತಡೆಯುವ ಲಸಿಕೆ, ಈಗ ಬಂದದ್ದಕ್ಕೆ ಔಷಧಿಯಲ್ಲ.